ಸುದ್ದಿ ಮತ್ತು ಜಾಹೀರಾತಿನ ಪಕ್ಷಪಾತ
11–12ನೇ ತರಗತಿಯವರಿಗೆ ಇವೆರಡನ್ನೂ ಹೋಲಿಸಿ ಕಲಿಸುವುದು ಹೇಗೆ?

ಒಂದೇ ವಸ್ತುವಿನ ಬಗ್ಗೆ ಒಂದು ಜಾಹೀರಾತು, ಒಂದು ವರದಿ ಕೊಟ್ಟು, ‘ಹೇಳದೆ ಬಿಟ್ಟಿದ್ದೇನು?’ ಎಂದು ಕೇಳಿ.

ಕೈ ತೊಳೆಯುವ ದ್ರವವನ್ನೇ ತೆಗೆದುಕೊಳ್ಳಿ. ಜಾಹೀರಾತಿನಲ್ಲಿ ‘ಶೇ 99.9 ಕೀಟಾಣು ನಾಶ’ ಎಂದಿರುತ್ತದೆ. ಕೆಳಗಿನ ಸಣ್ಣಕ್ಷರ ಓದಿಸಿ: ಸಾಮಾನ್ಯವಾಗಿ ಅದು ಆಯ್ದ ಕೆಲವು ಕೀಟಾಣುಗಳ ಮೇಲೆ ಪ್ರಯೋಗಾಲಯದಲ್ಲಿ ನಡೆಸಿದ ಪರೀಕ್ಷೆ. ಅಂಕಿ ಸುಳ್ಳಿರಲಿಕ್ಕಿಲ್ಲ, ಬರೀ ಸೋಪಿಗಿಂತ ಎಷ್ಟು ಮೇಲು ಎಂಬುದನ್ನು ಮಾತ್ರ ಹೇಳಿರುವುದಿಲ್ಲ.

ವರದಿಯಲ್ಲಿ ಹುಡುಕುವುದು ಕಷ್ಟ, ಅಲ್ಲಿ ಸಣ್ಣಕ್ಷರವೂ ಇರುವುದಿಲ್ಲ. ಯಾರ ಮಾತು ಮೊದಲ ಪ್ಯಾರಾದಲ್ಲಿದೆ, ಯಾರದು ಕೊನೆಗೆ ಹೋಗಿದೆ ಎಂದು ಎರಡು ಬಣ್ಣದಲ್ಲಿ ಗೆರೆ ಎಳೆಸಿ. ಎಲ್ಲ ಹೇಳಿಕೆಯೂ ಕಂಪನಿ ವಕ್ತಾರರದ್ದೇ ಆಗಿದ್ದರೆ, ಅದು ಬಹುಶಃ ಪತ್ರಿಕಾ ಪ್ರಕಟಣೆಯ ನಕಲು, ಅಂದರೆ ವರದಿಗಾರರ ಹೆಸರು ಹೊತ್ತ ಜಾಹೀರಾತು.