ವಜಾ ಪತ್ರದಲ್ಲಿ ಹಳೇ ತಪ್ಪುಗಳು ಬೇಕಾ?

"ವಿಚಾರಣೆ ಮುಗೀತು, ಸ್ಟೋರ್ ಕೀಪರನ್ನ ವಜಾ ಮಾಡ್ತಿದ್ದೇವೆ. ಪತ್ರದಲ್ಲಿ ಅವರ ಹಳೇ ತಪ್ಪುಗಳನ್ನೂ ಸೇರಿಸಬೇಕಾ?"

ಬೇಡ ಸರ್. ಶಿಕ್ಷೆಗೆ ಅವು ಲೆಕ್ಕಕ್ಕೆ ಬರಬೇಕಿದ್ದರೆ ನೋಟಿಸಿನಲ್ಲೇ ತಿಳಿಸಿರಬೇಕಿತ್ತು. ಈಗ ಸೇರಿಸಿದರೆ ಅವರಿಗೆ ಉತ್ತರ ಕೊಡುವ ಅವಕಾಶವೇ ಸಿಕ್ಕಿರುವುದಿಲ್ಲ, ಅಲ್ವಾ? ಮೇಲ್ಮನವಿಯಲ್ಲಿ ಅದನ್ನೇ ಹಿಡಿಯುತ್ತಾರೆ.

ಎರಡು ಆರೋಪಗಳಲ್ಲಿ ಒಂದೇ ಸಾಬೀತಾಗಿದ್ದರೆ ಹೀಗೆ ಬರೆಯಿರಿ:

"ದಾಸ್ತಾನು ಪುಸ್ತಕದಲ್ಲಿ ಸುಳ್ಳು ಲೆಕ್ಕ ಬರೆದ ಆರೋಪ ವಿಚಾರಣೆಯಲ್ಲಿ ಸಾಬೀತಾಗಿದೆ. ಎರಡನೇ ಆರೋಪ ಸಾಬೀತಾಗಿಲ್ಲ, ಅದನ್ನು ಪರಿಗಣಿಸಿಲ್ಲ. ವರದಿಗೆ ನೀವು ಕೊಟ್ಟ ಉತ್ತರವನ್ನು ನೋಡಿದ್ದೇವೆ. ಈ ದಿನಾಂಕದಿಂದ ನಿಮ್ಮನ್ನು ಸೇವೆಯಿಂದ ವಜಾ ಮಾಡಲಾಗಿದೆ."

ಆಮೇಲೆ ಬಾಕಿ ಸಂಬಳ ಯಾವತ್ತು ಸಿಗುತ್ತೆ, ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ ಅನ್ನೋದನ್ನು ಹಾಕಿ. "ಮೋಸಗಾರ" ಅಂತೆಲ್ಲ ಸುಮ್ನೆ ಬರೆಯಬೇಡಿ. ನಡೆದದ್ದನ್ನಷ್ಟೇ ಹೇಳಿ.