ತ್ರಿಕೋನ ಬರೆಯುವ ಮುಂಚೆ ತಾಸು ಎಣಿಸಿ

ಪ್ರಶ್ನೆ: ಕನ್ಸ್ಯೂಮರ್ ಸರ್‌ಪ್ಲಸ್, ಪ್ರೊಡ್ಯೂಸರ್ ಸರ್‌ಪ್ಲಸ್ ಲೆಕ್ಕಕ್ಕೆ ‘ಅರ್ಧ × ಪಾದ × ಎತ್ತರ’ ಸೂತ್ರ ಒಂದೇ ಸಾಕಾ? ಸರ್ಕಾರ ಬೆಲೆಗೆ ಮಿತಿ ಹಾಕಿದ ಲೆಕ್ಕ ಬಂದರೆ ನನ್ನ ಉತ್ತರ ತಪ್ಪುತ್ತದೆ. ಅದಕ್ಕೆ ಬೇರೆ ಯಾವ ಸೂತ್ರ ಬಾಯಿಪಾಠ ಮಾಡಲಿ?

ಯಾವುದನ್ನೂ ಮಾಡಬೇಡಿ. ಇದೇ ಸೂತ್ರ ನಂಬಿ ನಾನು ಒಂದು ಕೆಲಸ ಕಳೆದುಕೊಂಡಿದ್ದೇನೆ.

ಎಂ.ಎ. ಮುಗಿಸಿ ರಾಯಚೂರಿನ ಒಂದು ಕಾಲೇಜಿಗೆ ಅತಿಥಿ ಉಪನ್ಯಾಸಕನ ಕೆಲಸ ಕೇಳಿಕೊಂಡು ಹೋಗಿದ್ದೆ. ಹದಿನೈದು ನಿಮಿಷ ಪಾಠ ಮಾಡಿ ತೋರಿಸಬೇಕಿತ್ತು. ಪುಸ್ತಕದ ಸೇಬು, ಪಿಜ್ಜಾ ಉದಾಹರಣೆ ಯಾಕೆ ಅಂತ ನಮ್ಮೂರಿನ ಭತ್ತದ ಕಟಾವು ಮಷಿನ್ ಹಿಡಿದುಕೊಂಡೆ. ನಮ್ಮದು ಕಾರಟಗಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಸುಗ್ಗಿ ಬಂದರೆ ಎಲ್ಲರ ಭತ್ತವೂ ಹೆಚ್ಚುಕಡಿಮೆ ಒಟ್ಟಿಗೇ ಹಣ್ಣಾಗುತ್ತದೆ, ಎಲ್ಲರಿಗೂ ಮಷಿನ್ ಇವತ್ತೇ ಬೇಕು. ಬಾಡಿಗೆ ತಾಸಿನ ಲೆಕ್ಕ.

ಅಂಕಿ ನಾನೇ ಸುಮ್ನೆ ಹಾಕಿಕೊಂಡಿದ್ದು. ಬೇಡಿಕೆ P = 4000 − 20Q, ಪೂರೈಕೆ P = 1000 + 10Q. P ಅಂದರೆ ಒಂದು ತಾಸಿನ ಬಾಡಿಗೆ, Q ಅಂದರೆ ಆ ದಿನ ಊರಲ್ಲಿ ಮಷಿನ್ ಓಡಿದ ಒಟ್ಟು ತಾಸು. ಬೇಡಿಕೆ ರೇಖೆಯ ತುದಿಯಲ್ಲಿ ಇರುವವನು ಭತ್ತ ನೆಲಕ್ಕೆ ಒರಗಿ, ಮೇಲೆ ಮೋಡ ಕಟ್ಟಿರುವವನು. ನಾಲ್ಕು ಸಾವಿರದ ಹತ್ತಿರ ಕೇಳಿದರೂ ಹೂಂ ಅಂತಾನೆ. ಕೆಳಗೆ ಇರುವವನಿಗೆ ಇನ್ನೂ ನಾಲ್ಕು ದಿನ ತಡೆಯುತ್ತದೆ, ಅಗ್ಗಕ್ಕೆ ಸಿಕ್ಕರಷ್ಟೇ ಮಷಿನ್ ಕರೆಸುತ್ತಾನೆ. ಪೂರೈಕೆಯ ಕಡೆಯೂ ಹಾಗೇ. ಊರಲ್ಲೇ ನಿಂತಿರುವ ಮಷಿನ್ ಕಡಿಮೆಗೆ ಬರುತ್ತದೆ, ದೂರದಿಂದ ಲಾರಿ ಮೇಲೆ ಹೇರಿಕೊಂಡು ಬರಬೇಕಾದ್ದು ಜಾಸ್ತಿ ಕೇಳುತ್ತದೆ.

ಎರಡೂ ರೇಖೆ 100 ತಾಸಿಗೆ, 2,000 ರೂಪಾಯಿಗೆ ಸೇರುತ್ತವೆ. ಬೇಡಿಕೆ ರೇಖೆಗೆ ಕೆಳಗೆ, 2,000ದ ಗೆರೆಗೆ ಮೇಲೆ ಇರುವ ತ್ರಿಕೋನ ರೈತರದ್ದು, ಕೊಡಲು ಸಿದ್ಧ ಇದ್ದದ್ದರಲ್ಲಿ ಕೊಡದೆ ಉಳಿದ ದುಡ್ಡು, ಅದೇ ಕನ್ಸ್ಯೂಮರ್ ಸರ್‌ಪ್ಲಸ್: 100 × 2,000ದ ಅರ್ಧ, 1,00,000. ಅದೇ ಗೆರೆಗೆ ಕೆಳಗೆ, ಪೂರೈಕೆ ರೇಖೆಗೆ ಮೇಲೆ ಇರುವುದು ಮಷಿನ್‌ನವರದ್ದು, ಬರಲು ಒಪ್ಪುತ್ತಿದ್ದ ಕನಿಷ್ಠ ಬಾಡಿಗೆಗಿಂತ ಜಾಸ್ತಿ ಸಿಕ್ಕಿದ್ದು, ಅದೇ ಪ್ರೊಡ್ಯೂಸರ್ ಸರ್‌ಪ್ಲಸ್: 50,000. ಒಟ್ಟು ಒಂದೂವರೆ ಲಕ್ಷ. ಇಲ್ಲಿಯವರೆಗೆ ಎಲ್ಲ ಸರಿ ಇತ್ತು.

ಆಮೇಲೆ ಜಾಣತನ ತೋರಿಸಲು ಹೋದೆ. ‘ಬಾಡಿಗೆ 1,600 ದಾಟಬಾರದು ಅಂತ ಆದೇಶ ಬಂತು ಅಂದುಕೊಳ್ಳಿ’ ಅಂದು 1,600ಕ್ಕೆ ಅಡ್ಡಗೆರೆ ಎಳೆದೆ. ಅದು ಬೇಡಿಕೆ ರೇಖೆಗೆ 120 ತಾಸಿನಲ್ಲಿ ತಾಗಿತು. ದೊಡ್ಡ ತ್ರಿಕೋನ, ಪಾದ 120, ಎತ್ತರ 2,400. ಅರ್ಧ ಮಾಡಿ 1,44,000 ಅಂತ ಬರೆದೆ. ರೈತರಿಗೆ 44,000 ಲಾಭ ಅಂತ ಡಸ್ಟರ್ ಕೆಳಗಿಟ್ಟೆ.

ಎದುರಿಗೆ ಕೂತಿದ್ದ ಹಿರಿಯ ಮೇಡಂ ಒಂದೇ ಮಾತು ಕೇಳಿದರು: ‘ನೂರಾ ಇಪ್ಪತ್ತು ತಾಸು ಓಡ್ಸಾಕ ಮಷಿನ್ ಎಲ್ಲಿಂದ ಬಂದ್ವು ರೀ?’

ನನಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಚಿತ್ರ ಸರಿ ಇದೆಯಲ್ಲ ಮೇಡಂ ಅಂದೆ. ಅವರು ನಕ್ಕು ಏನೋ ಬರೆದುಕೊಂಡರು. ಕೆಲಸ ಬೇರೆಯವರಿಗೆ ಹೋಯಿತು.

ನಿಮ್ಮ ಉತ್ತರವೂ ತಪ್ಪುತ್ತಿರುವುದು ಇಲ್ಲೇ ಅಂತ ನನ್ನ ಗಟ್ಟಿ ನಂಬಿಕೆ. 1,600ಕ್ಕೆ ರೈತರು 120 ತಾಸು ಕೇಳುತ್ತಾರೆ, ನಿಜ. ಆದರೆ ಮಷಿನ್‌ನವರು ಆ ಬಾಡಿಗೆಗೆ ಎಷ್ಟು ಓಡಿಸುತ್ತಾರೆ? 1600 = 1000 + 10Q, ಅಂದರೆ 60 ತಾಸು ಮಾತ್ರ. ಕೇಳಿದ್ದಕ್ಕೆಲ್ಲ ಸರ್‌ಪ್ಲಸ್ ಹುಟ್ಟುವುದಿಲ್ಲ, ನಡೆದ ವ್ಯವಹಾರಕ್ಕೆ ಮಾತ್ರ ಹುಟ್ಟುತ್ತದೆ. ಬರದೇ ಇರುವ ಮಷಿನ್‌ನಿಂದ ಯಾರ ಗದ್ದೆಯೂ ಕಟಾವಾಗುವುದಿಲ್ಲ, ಅಲ್ವಾ? ಹಾಗಾಗಿ 60ರಲ್ಲಿ ಒಂದು ನೇರ ಗೆರೆ ನಿಲ್ಲಿಸಬೇಕು. ಆ ಗೆರೆಯ ಬಲಕ್ಕೆ ಇರುವ ಯಾವುದನ್ನೂ ಲೆಕ್ಕಕ್ಕೆ ತಗೊಳ್ಳಬಾರದು.

ಈಗ ಎಡಕ್ಕೆ ಉಳಿದ ಆಕಾರ ನೋಡಿ. ಅದು ತ್ರಿಕೋನವೇ ಅಲ್ಲ. ಮೊದಲ ತಾಸಿನ ಹತ್ತಿರ ಎತ್ತರ 4,000 − 1,600, ಅಂದರೆ 2,400. 60ನೇ ತಾಸಿನಲ್ಲಿ ರೈತ ಕೊಡಲು ಸಿದ್ಧ ಇದ್ದದ್ದು 2,800, ಹಾಗಾಗಿ ಅಲ್ಲಿನ ಎತ್ತರ 1,200. ಎರಡರ ಸರಾಸರಿ 1,800, ಅದನ್ನು 60ರಿಂದ ಗುಣಿಸಿದರೆ 1,08,000. ಮಷಿನ್‌ನವರಿಗೆ 60 × 600ರ ಅರ್ಧ, 18,000. ಒಟ್ಟು 1,26,000. ಮೊದಲಿನ ಒಂದೂವರೆ ಲಕ್ಷದಲ್ಲಿ 24,000 ಯಾರ ಕೈಗೂ ಹೋಗದೆ ಮಾಯ. 60ರಿಂದ 100ರವರೆಗಿನ, ಓಡಬೇಕಾಗಿದ್ದೂ ಓಡದ 40 ತಾಸಿನ ತ್ರಿಕೋನ ಅದು.

ನನ್ನ ತಪ್ಪನ್ನು ನಾನೇ ಅಲ್ಲೇ ಹಿಡಿಯಬಹುದಿತ್ತು, ಅದೇ ಇವತ್ತಿಗೂ ಹೊಟ್ಟೆ ಉರಿಸುವುದು. 1,44,000ಕ್ಕೆ 18,000 ಕೂಡಿಸಿದ್ದರೆ 1,62,000 ಆಗುತ್ತಿತ್ತು. ಹೊಗೆ, ಮಾಲಿನ್ಯದಂಥ ಬೇರೆ ತಂಟೆ ಇಲ್ಲದ ಪೈಪೋಟಿಯ ಮಾರುಕಟ್ಟೆಯಲ್ಲಿ, ಎರಡು ರೇಖೆ ಸೇರುವಲ್ಲಿ ಸಿಗುವ ಒಟ್ಟು ಮೊತ್ತಕ್ಕಿಂತ ಜಾಸ್ತಿ ಬರಲು ಸಾಧ್ಯವೇ ಇಲ್ಲ. ಒಂದೂವರೆ ಲಕ್ಷ ದಾಟಿತು ಅಂದರೆ ಇಲ್ಲದ ತಾಸನ್ನು ಎಣಿಸಿದ್ದೀರಿ ಅಂತಲೇ ಅರ್ಥ. ಕೂಡಿಸಿ ನೋಡಲು ಅರ್ಧ ನಿಮಿಷ ಸಾಕು. ನಾನು ನೋಡಲಿಲ್ಲ.

ರೇಖೆ ಬಾಗಿದ್ದರೆ ಇಂಟಿಗ್ರೇಷನ್ ಮಾಡಬೇಕು, ಅಷ್ಟೇ ವ್ಯತ್ಯಾಸ. ಆಗಲೂ 0ಯಿಂದ 60ರವರೆಗೇ.

ಇನ್ನೊಂದು ಸಂಗತಿ ಇದೆ, ಪರೀಕ್ಷೆಯಲ್ಲಿ ಕೇಳುವುದು ಕಡಿಮೆ, ಆದರೆ ನನಗೆ ಅದೇ ಮುಖ್ಯ. 1,08,000 ಅನ್ನುವಾಗ, ಆ 60 ತಾಸು ಭತ್ತ ಒರಗಿದವರಿಗೇ ಮೊದಲು ಸಿಕ್ಕಿತು ಅಂತ ಸದ್ದಿಲ್ಲದೆ ಒಪ್ಪಿಕೊಂಡಿದ್ದೇವೆ. ಚೀಟಿ ಎತ್ತಿ ಹಂಚಿದರೆ? ಕೇಳಿದ 120 ತಾಸಿನವರು ಸರಾಸರಿ ಕೊಡಲು ಸಿದ್ಧ ಇರುವುದು 4,000 ಮತ್ತು 1,600ರ ನಡುವಿನ 2,800. ತಾಸಿಗೆ 1,200ರಂತೆ 60ಕ್ಕೆ 72,000. ಮಿತಿ ಇಲ್ಲದಾಗ ಇದ್ದ ಒಂದು ಲಕ್ಷಕ್ಕಿಂತಲೂ ಕಡಿಮೆ! ಬಾಡಿಗೆ ಇಳಿದರೂ ರೈತರಿಗೆ ಒಟ್ಟಾಗಿ ನಷ್ಟ. ‘ಬೆಲೆಮಿತಿಯಿಂದ ಕನ್ಸ್ಯೂಮರ್ ಸರ್‌ಪ್ಲಸ್ ಹೆಚ್ಚುತ್ತದೆ’ ಅಂತ ನೋಟ್ಸ್‌ನಲ್ಲಿ ಇದ್ದರೆ, ಮಷಿನ್ ಯಾರಿಗೆ ಸಿಕ್ಕಿತು ಅಂತ ಕೇಳದೆ ಒಪ್ಪಬೇಡಿ.

ಹಾಗೇ ಆ 18,000ವನ್ನು ಮಷಿನ್‌ನವರ ಲಾಭ ಅಂತಲೂ ಬರೆಯಬೇಡಿ. ಬ್ಯಾಂಕಿನ ಕಂತು ಅದರಲ್ಲಿ ಕಳೆದಿಲ್ಲ. ಮಷಿನ್ ಓಡಿದರೂ ನಿಂತರೂ ಕಂತು ಕಟ್ಟಲೇಬೇಕು, ಹಾಗಾಗಿ ಪೂರೈಕೆ ರೇಖೆಗೆ ಅದು ಬರುವುದಿಲ್ಲ.

ಊರಿಗೆ ಬಂದು ಇಂಟರ್‌ವ್ಯೂ ಕಥೆಯನ್ನು ಕಾಕಾನಿಗೆ ಹೇಳಿದೆ. ಬೇಡಿಕೆ ರೇಖೆ ಅಂದರೆ ಏನು ಅಂತ ಅವರಿಗೆ ಗೊತ್ತಿಲ್ಲ. ಕಣದಲ್ಲಿ ನೆಲ್ಲು ಕೈಯಾಡಿಸುತ್ತಾ, ‘ಸಾವಿರದ ಆರ್ನೂರಕ್ಕ ಯಾವನೂ ಬರಂಗಿಲ್ಲೋ. ಮ್ಯಾಲ ಐದ್ನೂರು ಕೈಯಾಗ ಇಟ್ರ ರಾತ್ರಿನೇ ಬರ್ತಾನ’ ಅಂದರು. ಆ ಐನೂರು ಎಲ್ಲಿದೆ ಅಂತ ಚಿತ್ರದಲ್ಲಿ ಹುಡುಕಿದೆ. 60ರ ನೇರ ಗೆರೆಯ ಮೇಲೆ, 1,600 ಮತ್ತು 2,800ರ ನಡುವೆ, 2,100ರಲ್ಲಿ ಕೂತಿತ್ತು.