ಪ್ರಕರಣ: ಮೂರು ಆಯ್ಕೆ ಉಳಿದಾಗ ಊಹಿಸಬೇಕೇ, ಬಿಡಬೇಕೇ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಅಭ್ಯರ್ಥಿ ತಯಾರಿ ನಡೆಸುತ್ತಿದ್ದ ಆಪ್ಟಿಟ್ಯೂಡ್ ಪರೀಕ್ಷೆಯಲ್ಲಿ 100 ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ. ಸರಿ ಉತ್ತರಕ್ಕೆ 1 ಅಂಕ, ತಪ್ಪಿಗೆ 1/3 ಅಂಕ ಕಡಿತ, ಬಿಟ್ಟರೆ ಸೊನ್ನೆ. ನೆಗೆಟಿವ್ ಮಾರ್ಕಿಂಗ್‌ನ ಲೆಕ್ಕ ಅವರಿಗೆ ಬಾಯಿಪಾಠವಾಗಿತ್ತು. ಆದರೂ ಊಹಿಸಿದ ಪ್ರಶ್ನೆಗಳು ಅಂದುಕೊಂಡಷ್ಟು ಅಂಕ ತಂದುಕೊಡುತ್ತಿರಲಿಲ್ಲ. "ಒಂದು ಆಯ್ಕೆ ಹೊಡೆದುಹಾಕಿದರೂ ಲಾಭವೇ ಅಲ್ವಾ ಮೇಡಂ? ಲೆಕ್ಕ ಹಾಗೇ ಹೇಳುತ್ತಲ್ಲ" ಎಂಬುದು ಅವರ ಪ್ರಶ್ನೆ.

ಲೆಕ್ಕ ಹೇಳುವುದು ನಿಜ. ಕಣ್ಣುಮುಚ್ಚಿ ನಾಲ್ಕರಲ್ಲಿ ಒಂದನ್ನು ಆರಿಸಿದರೆ ಸರಿಯಾಗುವ ಸಾಧ್ಯತೆ 1/4, ತಪ್ಪಾಗುವುದು 3/4. ನಿರೀಕ್ಷಿತ ಅಂಕ 1/4 − (3/4 × 1/3), ಅಂದರೆ ಸೊನ್ನೆ; ಲಾಭವೂ ಇಲ್ಲ, ನಷ್ಟವೂ ಇಲ್ಲ. ಮೂರು ಉಳಿದರೆ 1/3 − 2/9 = 1/9. ಎರಡು ಉಳಿದರೆ 1/2 − 1/6 = 1/3. ಇದೆಲ್ಲಕ್ಕೂ ಒಂದು ಷರತ್ತಿದೆ: ಹೊಡೆದುಹಾಕಿದ ಆಯ್ಕೆ ಖಂಡಿತ ತಪ್ಪಾಗಿರಬೇಕು. ಅವರ ವಿಷಯದಲ್ಲಿ ಪರೀಕ್ಷಿಸಬೇಕಿದ್ದುದು ಈ ಷರತ್ತನ್ನೇ.

ಅದಕ್ಕಾಗಿ ಮುಂದಿನ ನಾಲ್ಕು ಮಾಕ್ ಟೆಸ್ಟ್‌ಗಳಲ್ಲಿ ಒಂದು ಕೆಲಸ ಹೇಳಿದೆವು. ಉತ್ತರ ಗುರುತಿಸುವ ಮುನ್ನ ರಫ್ ಹಾಳೆಯಲ್ಲಿ ಪ್ರಶ್ನೆಸಂಖ್ಯೆಯ ಪಕ್ಕ ಎಷ್ಟು ಆಯ್ಕೆ ಉಳಿದಿದೆ, ಯಾವುದನ್ನು ಹೊಡೆದುಹಾಕಿದಿರಿ ಎಂದು ಬರೆಯಿರಿ. ಫಲಿತಾಂಶ ನೋಡಿದ ಮೇಲೆ ಬರೆದರೆ ಪ್ರಯೋಜನವಿಲ್ಲ. ಉತ್ತರ ಗೊತ್ತಾದ ಮೇಲೆ ಎಲ್ಲರಿಗೂ "ಇದು ನನಗೆ ಅನಿಸಿತ್ತು" ಎನಿಸುತ್ತದೆ.

ನಾಲ್ಕು ಟೆಸ್ಟ್ ಸೇರಿಸಿ ನೋಡಿದಾಗ, ಎರಡು ಆಯ್ಕೆ ಉಳಿಸಿಕೊಂಡು ಊಹಿಸಿದ್ದು 40 ಪ್ರಶ್ನೆ; ಸರಿ 18, ತಪ್ಪು 22. ಕಡಿತ ಕಳೆದರೂ ಸುಮಾರು 10.7 ಅಂಕ ಕೈಗೆ ಬಂದಿತ್ತು. ಮೂರು ಉಳಿಸಿಕೊಂಡು ಊಹಿಸಿದ್ದು 36; ಸರಿ 8, ತಪ್ಪು 28. ಇಲ್ಲಿ 8 − 9.33, ಅಂದರೆ 1.33 ಅಂಕ ನಷ್ಟ. ಲೆಕ್ಕದ ಪ್ರಕಾರ 4 ಅಂಕ ಲಾಭ ಬರಬೇಕಿತ್ತು.

36 ಪ್ರಶ್ನೆ ಚಿಕ್ಕ ಮಾದರಿ, ಬರೀ ದುರದೃಷ್ಟವೂ ಇರಬಹುದು. ಹಾಗಾಗಿ ಹೊಡೆದುಹಾಕಿದ ಆಯ್ಕೆಗಳನ್ನೇ ಒಂದೊಂದಾಗಿ ನೋಡಿದೆವು. 14 ಪ್ರಶ್ನೆಗಳಲ್ಲಿ ಅವರು ತೆಗೆದುಹಾಕಿದ್ದು ಸರಿ ಉತ್ತರವನ್ನೇ! ಯಾವುದೋ ಒಂದನ್ನು ಸುಮ್ಮನೆ ತೆಗೆದಿದ್ದರೂ ಹಾಗಾಗುತ್ತಿದ್ದುದು ಸರಾಸರಿ 9ರಲ್ಲಿ. ಉಳಿದ 22 ಪ್ರಶ್ನೆಗಳಲ್ಲಿ 8 ಸರಿ, ಮೂರರಲ್ಲೊಂದಕ್ಕಿಂತ ತುಸು ಹೆಚ್ಚೇ. ಹಾಗಾದರೆ ಊಹೆಯಲ್ಲಿ ದೋಷವಿರಲಿಲ್ಲ, ಹೊಡೆದುಹಾಕುವುದರಲ್ಲಿತ್ತು. ಕಾರಣ ಕೇಳಿದಾಗ ಬಂದ ಉತ್ತರ: "ಆ ಸಂಖ್ಯೆ ವಿಚಿತ್ರವಾಗಿತ್ತು", "ಆ ಪದ ಕೇಳಿರಲಿಲ್ಲ". ಪ್ರಶ್ನೆ ರಚಿಸುವವರು ಸಾಮಾನ್ಯ ತಪ್ಪುಗಳಿಂದ ಬರುವ ಉತ್ತರಗಳನ್ನೇ ಆಯ್ಕೆಗಳಾಗಿ ಇಡುತ್ತಾರೆ. ಆದ್ದರಿಂದ ಪರಿಚಿತವಾಗಿ ಕಾಣುವುದು ಎಷ್ಟೋ ಸಲ ಬಲೆ, ವಿಚಿತ್ರವಾಗಿ ಕಾಣುವುದೇ ಉತ್ತರ.

ಒಂದು ಉದಾಹರಣೆ. ಬೆಲೆ ಶೇ. 20 ಏರಿ, ಮತ್ತೆ ಶೇ. 20 ಇಳಿದರೆ ಏನಾಗುತ್ತದೆ? ಆಯ್ಕೆಗಳು: ಬದಲಾವಣೆ ಇಲ್ಲ, ಶೇ. 4 ಏರಿಕೆ, ಶೇ. 4 ಇಳಿಕೆ, ಶೇ. 2 ಇಳಿಕೆ. ಅವರು "ಶೇ. 4 ಇಳಿಕೆ"ಯನ್ನು ಹೊಡೆದುಹಾಕಿ "ಬದಲಾವಣೆ ಇಲ್ಲ" ಎಂದು ಗುರುತಿಸಿದ್ದರು. ಇಳಿಕೆ ಲೆಕ್ಕವಾಗುವುದು ಏರಿದ, ಅಂದರೆ ದೊಡ್ಡ ಬೆಲೆಯ ಮೇಲೆ. ಹಾಗಾಗಿ ಕೊನೆಯ ಬೆಲೆ ಮೊದಲಿಗಿಂತ ಕಡಿಮೆಯೇ ಆಗಬೇಕು. ಈ ಒಂದು ಕಾರಣಕ್ಕೆ ಎರಡು ಆಯ್ಕೆ ಹೋಗುತ್ತವೆ. ಪೂರ್ತಿ ಲೆಕ್ಕ ಮಾಡದಿದ್ದರೂ (100, 120, 96) ಊಹೆಯ ಬೆಲೆ 1/3 ಅಂಕಕ್ಕೆ ಏರುತ್ತದೆ.

ಕೊಟ್ಟ ಸಲಹೆ ಇಷ್ಟು. "ಇದು ಆಗಲಾರದು, ಏಕೆಂದರೆ..." ಎಂದು ವಾಕ್ಯ ಪೂರ್ತಿ ಮಾಡಲಾಗದಿದ್ದರೆ ಆಯ್ಕೆಯನ್ನು ಹೊಡೆದುಹಾಕಬೇಡಿ. ಕೊನೆಯ ಅಂಕಿ, ಸಮ-ಬೆಸ, ಏಕಮಾನ, ಉತ್ತರ ಯಾವ ಮಿತಿಯೊಳಗಿರಬೇಕು ಎಂಬುದು ಒಪ್ಪುವ ಕಾರಣಗಳು. ಎರಡಕ್ಕೆ ಇಳಿಸಿದ ಪ್ರಶ್ನೆಗಳನ್ನು ಯಾವುದನ್ನೂ ಬಿಡಬೇಡಿ. ಅಂಥ 12 ಇದ್ದರೆ 3 ಸರಿಯಾದರೂ ನಷ್ಟವಿಲ್ಲ. ಮೂರಕ್ಕಿಂತ ಕಡಿಮೆ ಸರಿಯಾಗುವ ಸಾಧ್ಯತೆ ಸುಮಾರು ಶೇ. 2 ಮಾತ್ರ. ಮೂರು ಉಳಿದ ಪ್ರಶ್ನೆಗಳು ಕೊನೆಗಿರಲಿ. ಒಂಬತ್ತನೇ ಒಂದು ಅಂಕಕ್ಕಾಗಿ ಒಂದು ನಿಮಿಷ ಕಳೆಯುವುದಕ್ಕಿಂತ, ಬಿಡಿಸಬಲ್ಲ ಇನ್ನೊಂದು ಪ್ರಶ್ನೆಗೆ ಆ ನಿಮಿಷ ಕೊಡುವುದು ಮೇಲು.

ಕಡಿತ ಬದಲಾದರೆ ಊಹಿಸಬೇಕೇ, ಬಿಡಬೇಕೇ ಎಂಬ ಗೆರೆಯೂ ಸರಿಯುತ್ತದೆ. ಕಡಿತವನ್ನು (1 + ಕಡಿತ)ದಿಂದ ಭಾಗಿಸಿದರೆ ಬರುವ ಸಾಧ್ಯತೆಯೇ ಲಾಭವೂ ನಷ್ಟವೂ ಇಲ್ಲದ ಸಮಬಿಂದು. ಕಡಿತ 1/4 ಇದ್ದರೆ ಅದು 1/5. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಊಹಿಸಿದರೂ ಸರಾಸರಿ ತುಸು ಲಾಭ. ಕಡಿತ 1/2 ಇದ್ದರೆ 1/3. ಆಗ ಮೂರು ಉಳಿದ ಪ್ರಶ್ನೆಯಿಂದ ಏನೂ ಸಿಗುವುದಿಲ್ಲ, ಎರಡಕ್ಕೆ ಇಳಿದರೆ ಮಾತ್ರ ಗುರುತು ಹಾಕಬೇಕು.